ಎರಡು ಕಡೆ ಎಣಿಸಬೇಕಿದ್ದ ಎರಡು ಪತ್ರಿಕೆಗಳು

ನಾನು ಸೇಡಂನ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ವಾಡಿಯಲ್ಲಿ. ದಿನಾ ಬೆಳಿಗ್ಗೆ ರೈಲು ಹತ್ತಿ, ಚಿತ್ತಾಪುರ ದಾಟಿ, ಸೇಡಂನಲ್ಲಿ ಇಳಿಯುವ ಹೊತ್ತಿಗೆ ನನಗೆ ಯಾವುದಾದರೂ ಒಂದು ವಿಷಯಕ್ಕೆ ಸಿಟ್ಟು ಬಂದೇ ಇರುತ್ತಿತ್ತು. ರೈಲು ತಡವಾದರೆ ರೈಲಿನ ಮೇಲೆ, ಸರಿಯಾಗಿ ಬಂದರೆ ಪಕ್ಕದಲ್ಲಿ ಕೂತವರ ಮೇಲೆ. ಮನೆಯವರು ಇದನ್ನು ಹೇಳಿ ನಗುತ್ತಿದ್ದರು. ನಾನು ಮಾತ್ರ ಅದನ್ನು ನ್ಯಾಯದ ಪರವಾದ ಸಿಟ್ಟು ಎಂದೇ ತಿಳಿದಿದ್ದೆ. ಈಗ ನಿವೃತ್ತನಾಗಿ ಕೂತು ನೋಡಿದರೆ, ಆ ಸಿಟ್ಟಿನ ಬೆಲೆಯನ್ನು ಬೇರೆ ಯಾರೋ ತೆತ್ತ ಒಂದು ವಾರ ಮಾತ್ರ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಅದು ಕಾಲೇಜಿಗೆ ಸ್ವಾಯತ್ತತೆ ಸಿಕ್ಕ ಹೊಸತು. ಪರೀಕ್ಷೆ ನಡೆಸುವುದು, ಅಂಕ ಕೂಡಿಸುವುದು, ಫಲಿತಾಂಶ ಹೊರಡಿಸುವುದು ಎಲ್ಲ ನಮ್ಮಲ್ಲೇ. ಹೊಸ ಪದ್ಧತಿಯಲ್ಲಿ ಪ್ರತಿಯೊಂದು ಪತ್ರಿಕೆಗೂ ಒಂದು ತೂಕ, ಅದಕ್ಕೆ ಕ್ರೆಡಿಟ್ ಎಂದು ಹೆಸರು. ವಿದ್ಯಾರ್ಥಿಗೆ ಸಿಗುವುದು ಹತ್ತರೊಳಗಿನ ಒಂದು ಗ್ರೇಡ್ ಅಂಕ. ಅಂಕವನ್ನು ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಪತ್ರಿಕೆಗಳದ್ದನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಸರಾಸರಿ. ಡಿಗ್ರಿಗೆ ನೂರಾ ಇಪ್ಪತ್ತು ಕ್ರೆಡಿಟ್ ಬೇಕು. ಬೇಕೆಂದವರು ಇನ್ನೊಂದು ವಿಷಯವನ್ನು ಮೈನರ್ ಆಗಿ ಓದಿ, ಅದರದ್ದೇ ಬೇರೆ ಪ್ರಮಾಣಪತ್ರ ಪಡೆಯಬಹುದು. ಅದಕ್ಕೆ ಇಪ್ಪತ್ತನಾಲ್ಕು ಕ್ರೆಡಿಟ್, ಸರಾಸರಿ ಆರಕ್ಕೆ ಕಡಿಮೆ ಇರಬಾರದು. ಆ ಇಪ್ಪತ್ತನಾಲ್ಕರಲ್ಲಿ ಎಂಟು ಕ್ರೆಡಿಟ್ ಮಾತ್ರ ಡಿಗ್ರಿಯ ಪತ್ರಿಕೆಗಳಿಂದಲೇ ಬರಬಹುದು, ಉಳಿದ ಹದಿನಾರು ಹೆಚ್ಚುವರಿಯಾಗಿ ಓದಿದ್ದೇ ಆಗಿರಬೇಕು.

ಆ ವರ್ಷ ಗಣಿತದ ಡಿಗ್ರಿಯ ಜೊತೆಗೆ ಸಂಖ್ಯಾಶಾಸ್ತ್ರದ ಮೈನರ್ ಹಿಡಿದವಳು ಒಬ್ಬಳೇ. ಚಿಂಚೋಳಿ ತಾಲ್ಲೂಕಿನ ಕೊಡ್ಲಿಯ ಹುಡುಗಿ. ಮೈನರ್‌ನ ತರಗತಿಗಳನ್ನು ನಾವು ಸಂಜೆ ನಾಲ್ಕೂವರೆಗೆ ಇಟ್ಟಿದ್ದೆವು, ಏಕೆಂದರೆ ಕಲಿಸುವವರಿಗೆ ಬೇರೆ ಹೊತ್ತು ಇರಲಿಲ್ಲ. ಆ ತರಗತಿಗೆ ಕೂತರೆ ಅವಳಿಗೆ ಊರಿನ ಬಸ್ಸು ತಪ್ಪುತ್ತಿತ್ತು. ವಾರಕ್ಕೆ ಎರಡು ದಿನ ಕೂರುತ್ತಿದ್ದಳು, ಉಳಿದದ್ದನ್ನು ಪುಸ್ತಕ ಹಿಡಿದು ತಾನೇ ಓದಿಕೊಂಡಳು. ಹಾಗಾಗಿ ತಲಾ ನಾಲ್ಕು ಕ್ರೆಡಿಟ್‌ನ ನಾಲ್ಕು ಹೆಚ್ಚುವರಿ ಪತ್ರಿಕೆಗಳಲ್ಲಿ ಅವಳಿಗೆ ಬಂದದ್ದು ಆರು, ಐದು, ಐದು, ನಾಲ್ಕು. ಗಣಿತದಲ್ಲಿ ಮಾತ್ರ ಭಾಳ ಚುರುಕು. ಡಿಗ್ರಿ, ಮೈನರ್ ಎರಡಕ್ಕೂ ಸಲ್ಲುವಂಥ ನಾಲ್ಕು ಕ್ರೆಡಿಟ್‌ನ ಪತ್ರಿಕೆಗಳು ಎರಡಿದ್ದವು, ಸಂಭವನೀಯತೆ ಮತ್ತು ರೇಖೀಯ ಬೀಜಗಣಿತ. ಎರಡರಲ್ಲೂ ಒಂಬತ್ತು.

ಕೊನೆಯ ಫಲಿತಾಂಶ ಬಂದ ಮಂಗಳವಾರ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಕಂಪ್ಯೂಟರಿನಿಂದ ತೆಗೆಸಿಕೊಂಡ ಹಾಳೆ.

"ಸರ್, ನನ್ ಡಿಗ್ರಿ ಪೂರಾ ಆಗಿಲ್ಲಂತ ಬಂದಾದ್ರಿ" ಎಂದಳು.

ಹಾಳೆಯಲ್ಲಿ ಹಾಗೆಯೇ ಇತ್ತು. ಡಿಗ್ರಿ: ನೂರಾ ಹನ್ನೆರಡು ಕ್ರೆಡಿಟ್, ಸರಾಸರಿ ಏಳು ಪಾಯಿಂಟ್ ನಾಲ್ಕು ಮೂರು, ಅಪೂರ್ಣ. ಮೈನರ್: ಇಪ್ಪತ್ತನಾಲ್ಕು ಕ್ರೆಡಿಟ್, ಸರಾಸರಿ ಆರು ಪಾಯಿಂಟ್ ಮೂರು ಮೂರು, ತೇರ್ಗಡೆ. ಡಿಗ್ರಿಯೇ ಇಲ್ಲದವಳಿಗೆ ಮೈನರ್ ಮಾತ್ರ ಕೊಟ್ಟಿದ್ದರು. ಬಂಗಾರವಿಲ್ಲದೆ ಬರೀ ಡಬ್ಬಿ ಕೊಟ್ಟ ಹಾಗೆ.

ಅವಳು ಅರ್ಜಿ ಹಾಕಿದ್ದು ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ. ಅಲ್ಲಿ ಗಣಿತದ ಡಿಗ್ರಿಯವರನ್ನು ತೆಗೆದುಕೊಳ್ಳಬೇಕಾದರೆ ಎರಡು ಷರತ್ತು. ಡಿಗ್ರಿಯ ಸರಾಸರಿ ಏಳೂವರೆ ಇರಬೇಕು, ಸಂಖ್ಯಾಶಾಸ್ತ್ರದ ಮೈನರ್ ಆಗಿರಬೇಕು. ದಾಖಲೆ ಪರಿಶೀಲನೆ ಮುಂದಿನ ಬುಧವಾರ. ಅಂದರೆ ಎಂಟು ದಿನ. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಆಗಲೇ ಬಂದಿತ್ತು.

ಅವಳು ಮೆಲ್ಲಗೆ ಇನ್ನೇನೋ ಹೇಳಲು ಬಾಯಿ ತೆರೆದಳು. ಮೈನರ್ ನೋಂದಣಿಯ ಫಾರ್ಮ್‌ನಲ್ಲಿ ಏನಾದರೂ ಆಗಿರಬಹುದೇ ಎಂದು ಕೇಳಿದಳೆಂದು ನೆನಪು. ನಾನು ಅದನ್ನು ಮುಗಿಸಲು ಬಿಡಲಿಲ್ಲ. ಆಫೀಸಿನವರ ಕೆಲಸ ಇದು, ನೀನು ಸುಮ್ಮನೆ ಬಾ ಎಂದು ಹೇಳಿ, ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ.

ಪರೀಕ್ಷಾ ವಿಭಾಗ ಇದ್ದದ್ದು ಹಳೆಯ ಕಟ್ಟಡದಲ್ಲಿ, ನೆಲಕ್ಕೆ ಶಹಾಬಾದ್ ಕಲ್ಲಿನ ಪರಸಿ. ಅಲ್ಲಿನ ಹಿರಿಯ ಗುಮಾಸ್ತರು ಶಹಾಬಾದಿನವರೇ. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾದರೂ ಅವರು ಅಸಲು ಕಾಗದಗಳನ್ನೆಲ್ಲ ಕೆಂಪು ಬಟ್ಟೆಯ ಗಂಟಿನಲ್ಲಿ ಕಟ್ಟಿ ಇಡುತ್ತಿದ್ದರು. ಅದಕ್ಕೆ ಬಸ್ತಾ ಎನ್ನುತ್ತಿದ್ದರು. ನಿಜಾಮರ ಕಾಲದ ಕಚೇರಿಯಲ್ಲಿ ಅವರ ಅಜ್ಜ ಕಲಿತ ಕಟ್ಟು ಅದು. ಅವರು ನನ್ನನ್ನು ನೋಡಿ ಕುಂದ್ರಿ ಸರ್ ಎಂದರು. ನಾನು ಕೂರಲಿಲ್ಲ. ನಿಂತೇ ಬೈದರೆ ಜೋರಾಗಿ ಕೇಳುತ್ತದೆ ಎಂಬ ನಂಬಿಕೆ ನನ್ನದು.

ಅವರು ತೆರೆಯ ಮೇಲೆ ಅವಳ ಖಾತೆ ತೆಗೆದು ತೋರಿಸಿದರು. ಆ ಎರಡು ಪತ್ರಿಕೆಗಳ ಎದುರು 'ಮೈನರ್' ಎಂದಿತ್ತು. ಆದ್ದರಿಂದ ಆ ಎಂಟು ಕ್ರೆಡಿಟ್ ಮೈನರ್‌ಗೆ ಹೋಗಿವೆ, ಡಿಗ್ರಿಗೆ ಎಂಟು ಕಡಿಮೆ ಬಿದ್ದಿವೆ. ಬೇಕಾದರೆ ಅವನ್ನು ಡಿಗ್ರಿಗೆ ತರಬಹುದು ಎಂದು ಅಲ್ಲೇ ಬದಲಿಸಿ ತೋರಿಸಿದರು. ಡಿಗ್ರಿ ನೂರಾ ಇಪ್ಪತ್ತಾಯಿತು, ಸರಾಸರಿ ಏಳು ಪಾಯಿಂಟ್ ಐದು ಮೂರು. ಆದರೆ ಮೈನರ್ ಹದಿನಾರು ಕ್ರೆಡಿಟ್‌ಗೆ ಇಳಿದು, ಅದರ ಸರಾಸರಿ ಸರಿಯಾಗಿ ಐದಕ್ಕೆ ಬಿತ್ತು. ಕ್ರೆಡಿಟ್ಟೂ ಸಾಲದು, ಸರಾಸರಿಯೂ ಸಾಲದು. ಕಾಲಿಗೆ ಎಳೆದರೆ ತಲೆ ಬರಿದಾಗುವ ಗಿಡ್ಡ ಚಾದರ.

ಅಷ್ಟರಲ್ಲಿ ಪಕ್ಕದ ಕಂಪ್ಯೂಟರಿನ ತರುಣನೊಬ್ಬ ಉಪಕಾರ ಮಾಡಲು ಹೊರಟು, ಎಲ್ಲ ಪತ್ರಿಕೆಗಳನ್ನೂ ಸೇರಿಸಿ ಒಂದೇ ಸರಾಸರಿ ತೆಗೆದುಬಿಡೋಣವೇ ಎಂದ. ತೆಗೆದೂ ಬಿಟ್ಟ. ನೂರಾ ಮೂವತ್ತಾರು ಕ್ರೆಡಿಟ್, ಒಂಬೈನೂರಾ ಎಂಬತ್ತನಾಲ್ಕು ಅಂಕ, ಸರಾಸರಿ ಏಳು ಪಾಯಿಂಟ್ ಎರಡು ನಾಲ್ಕು. ನನಗೆ ಮೈ ಉರಿಯಿತು. ಹೆಚ್ಚಿಗೆ ಓದಿದ ತಪ್ಪಿಗೆ ಅವಳ ಡಿಗ್ರಿಯ ಸರಾಸರಿ ಕೆಳಗಿಳಿಯಬೇಕೇ? ಎರಡು ಪ್ರಮಾಣಪತ್ರ ಎಂದ ಮೇಲೆ ಎರಡು ಸರಾಸರಿ. ಡಿಗ್ರಿಗೆ ಡಿಗ್ರಿಯ ಪತ್ರಿಕೆಗಳು, ಮೈನರ್‌ಗೆ ಮೈನರ್‌ನ ಪತ್ರಿಕೆಗಳು, ಎರಡಕ್ಕೂ ಸೇರಿದವು ಎರಡರಲ್ಲೂ ಪೂರ್ತಿಯಾಗಿ. ಇದನ್ನು ಅವರಿಗೆ ಗಣಿತದ ಪಾಠದಂತೆ, ಆದರೆ ಪಾಠ ಮಾಡುವ ದನಿಯಲ್ಲಲ್ಲ, ಹೇಳಿದೆ.

ಗುಮಾಸ್ತರು ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ನೀವು ಹೇಳೋದು ಖರೆ ಇರಬಹುದ್ರಿ ಸರ್. ಆದ್ರ ಫಾರ್ಮ್‌ದಾಗ ಹ್ಯಾಂಗ ಬರದಾರೋ ನಾವ್ ಹಂಗ ಹಾಕೀವಿ. ಒಂದ್ಸಲ ಬಸ್ತಾ ಬಿಚ್ಚಿ ಫಾರ್ಮ್ ನೋಡೋಣ್ರಿ."

ನನಗೆ ಫಾರ್ಮ್ ಬೇಡ, ನಿಯಮ ಬೇಕು ಎಂದೆ. ತಮ್ಮ ತಪ್ಪನ್ನು ಯಾವುದೋ ಕಾಗದದ ತಲೆಗೆ ಕಟ್ಟುವುದು ಆಫೀಸಿನವರ ಹಳೆಯ ಚಾಳಿ ಎಂದೂ ಅಂದೆ. ಅವರು ಕನ್ನಡಕ ಹಾಕಿಕೊಂಡು ತಮ್ಮ ಕೆಲಸಕ್ಕೆ ತಿರುಗಿದರು.

ಆ ಸಂಜೆ ನಾನು ನಿಯಮಗಳ ಪುಸ್ತಕವನ್ನು ಮನೆಗೆ ಒಯ್ದು ಮೊದಲ ಸಲ ಪೂರ್ತಿ ಓದಿದೆ. ಮೊದಲ ಸಲ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ. ನನಗೆ ಬೇಕಾದದ್ದು ಅಲ್ಲಿ ಸ್ಪಷ್ಟವಾಗಿತ್ತು. ಎಂಟು ಕ್ರೆಡಿಟ್‌ವರೆಗೆ ಡಿಗ್ರಿಯ ಪತ್ರಿಕೆಗಳನ್ನು ಮೈನರ್‌ಗೂ ಲೆಕ್ಕಕ್ಕೆ ಹಿಡಿಯಬಹುದು. ಎರಡರ ಸರಾಸರಿಯನ್ನೂ ಬೇರೆ ಬೇರೆಯಾಗಿಯೇ ತೆಗೆಯಬೇಕು. ನನಗೆ ಯುದ್ಧ ಗೆದ್ದಷ್ಟು ಸಂತೋಷವಾಯಿತು. ಬುಧವಾರ ಮೂರು ಪುಟದ ಮನವಿ ಬರೆದೆ. ಅದರಲ್ಲಿ ಒಂದು ಪುಟ ನಿಯಮ, ಉಳಿದ ಎರಡು ಪುಟ ಪರೀಕ್ಷಾ ವಿಭಾಗದ ಬೇಜವಾಬ್ದಾರಿತನ. ಒಳ್ಳೆಯ ಕನ್ನಡದಲ್ಲಿ ಬರೆದಿದ್ದೆ, ಸಹೋದ್ಯೋಗಿಗಳಿಗೆ ಓದಿಯೂ ತೋರಿಸಿದೆ. ಪರೀಕ್ಷಾ ನಿಯಂತ್ರಕರು ಅಂದು ಕಲಬುರಗಿಗೆ ಹೋಗಿದ್ದರು. ಅವರು ಇಲ್ಲದ್ದಕ್ಕೂ ಸಿಟ್ಟು ಮಾಡಿಕೊಂಡೆ.

ಹುಡುಗಿ ಬುಧವಾರವೂ ಬಂದಿದ್ದಳು, ಗುರುವಾರವೂ ಬಂದಳು. ಪರೀಕ್ಷಾ ವಿಭಾಗದ ಹೊರಗೆ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂರುತ್ತಿದ್ದಳು, ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಳು. ನಾನು ಹಾದುಹೋಗುವಾಗೆಲ್ಲ ಎದ್ದು ನಿಲ್ಲುತ್ತಿದ್ದಳು. ಚಿಂತೆ ಮಾಡಬೇಡ, ನಿಯಮ ನಮ್ಮ ಕಡೆ ಇದೆ ಎಂದು ಹೇಳಿ ಮುಂದೆ ಹೋಗುತ್ತಿದ್ದೆ.

ಫಲಿತಾಂಶ ತಿದ್ದುವ ಸಮಿತಿ ಪ್ರತಿ ಗುರುವಾರ ಮಧ್ಯಾಹ್ನ ಕೂರುತ್ತಿತ್ತು. ನಿಯಂತ್ರಕರು ನನ್ನ ಮನವಿಯನ್ನು ಅದರ ಮುಂದಿಟ್ಟರು, ನನ್ನನ್ನೂ ಕರೆದರು. ನಿಯಮದ ಬಗ್ಗೆ ಅಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಅದೇ ನನಗೆ ವಿಚಿತ್ರವಾಗಿ ಕಂಡಿತು, ಜಗಳಕ್ಕೆ ಸಿದ್ಧನಾಗಿ ಹೋಗಿದ್ದೆನಲ್ಲ. ಅವರು ಕೇಳಿದ್ದು ಬೇರೆಯೇ. ನಿಮ್ಮ ಮನವಿ ಪ್ರಕಾರ ತಪ್ಪು ಮಾಡಿದ್ದು ಪರೀಕ್ಷಾ ವಿಭಾಗ. ಹಾಗಿದ್ದರೆ ಗುಮಾಸ್ತರಿಗೆ ಕಾರಣ ಕೇಳಿ ನೋಟಿಸು ಕೊಡಬೇಕು. ಗುಮಾಸ್ತರು ತಪ್ಪು ತಮ್ಮದಲ್ಲ ಎನ್ನುತ್ತಿದ್ದಾರೆ. ಅಸಲು ಫಾರ್ಮ್ ಎಲ್ಲಿ? ನನ್ನ ಹತ್ತಿರ ಇರಲಿಲ್ಲ. ನಾನು ಅದನ್ನು ಕೇಳಿಯೇ ಇರಲಿಲ್ಲ. ಆಗ ಎದ್ದು ಹೋಗಿ ತರಿಸಬಹುದಿತ್ತು. ಅದರ ಬದಲು ಒಬ್ಬ ಬಡ ಹುಡುಗಿಯ ಭವಿಷ್ಯಕ್ಕಿಂತ ಕಾಗದ ದೊಡ್ಡದಾಯಿತೇ ಎಂದು ಭಾಷಣ ಮಾಡಿದೆ. ಭಾಷಣ ಮುಗಿಯುವ ಹೊತ್ತಿಗೆ ಸಮಿತಿಯ ಹೊತ್ತೂ ಮುಗಿದಿತ್ತು. ಫಾರ್ಮ್ ನೋಡಿ ಮುಂದಿನ ವಾರ ತೀರ್ಮಾನ ಎಂದು ಬರೆದು ಎದ್ದರು.

ಶುಕ್ರವಾರ ಬೆಳಿಗ್ಗೆ ಗುಮಾಸ್ತರು ಕಪಾಟಿನ ಮೇಲಿನಿಂದ ಅವಳ ನೋಂದಣಿಯ ವರ್ಷದ ಬಸ್ತಾ ಇಳಿಸಿದರು. ಧೂಳು ಝಾಡಿಸಿ, ಗಂಟು ಬಿಚ್ಚಿ, ಮೇಲಿನ ಇಪ್ಪತ್ತೋ ಮೂವತ್ತೋ ಕಾಗದ ತೆಗೆದಿಟ್ಟು, ಒಂದು ಹಾಳೆಯನ್ನು ನನ್ನ ಮುಂದೆ ಇಟ್ಟರು.

ಮೈನರ್ ನೋಂದಣಿಯ ಫಾರ್ಮ್. ಸಂಭವನೀಯತೆ, ರೇಖೀಯ ಬೀಜಗಣಿತ ಎಂಬ ಎರಡು ಸಾಲು. ಪ್ರತಿ ಸಾಲಿನ ಎದುರಿಗೆ ಮೂರು ಚೌಕ: ಡಿಗ್ರಿ, ಮೈನರ್, ಎರಡೂ. ಎರಡು ಸಾಲಿನಲ್ಲೂ ನಡುವಿನ ಚೌಕಕ್ಕೆ ಹಸಿರು ಶಾಯಿಯ ಗುರುತು. ಕೆಳಗೆ ಹಸಿರು ಶಾಯಿಯಲ್ಲೇ ನನ್ನ ಸಹಿ. ಇಡೀ ಕಾಲೇಜಿನಲ್ಲಿ ಹಸಿರು ಶಾಯಿಯಲ್ಲಿ ಬರೆಯುತ್ತಿದ್ದವನು ನಾನೊಬ್ಬನೇ.

ನೋಡುತ್ತಿದ್ದಂತೆ ಎಲ್ಲ ನೆನಪಾಯಿತು. ನಾನು ಎಣಿಕೆಯ ಅಧ್ಯಾಯ ಕಲಿಸುವಾಗ ಮೊದಲ ದಿನವೇ ಹೇಳುತ್ತಿದ್ದ ಮಾತು, ಒಂದನ್ನು ಎರಡು ಸಲ ಎಣಿಸಬೇಡಿ ಎಂಬುದು. ಎರಡು ಗುಂಪಿಗೂ ಸೇರಿದವನನ್ನು ಎರಡು ಸಲ ಎಣಿಸಿದವರನ್ನು ನಿಲ್ಲಿಸಿ ಎಲ್ಲರೆದುರು ಗೇಲಿ ಮಾಡುತ್ತಿದ್ದೆ. ಗಣಿತ ವಿಭಾಗದ ಪರವಾಗಿ ಆ ಫಾರ್ಮ್ ನಾನೇ ತುಂಬುವಾಗಲೂ ಅದೇ ಅಭ್ಯಾಸ ಕೈಗೆ ಬಂದಿತ್ತು. ಒಂದು ಪತ್ರಿಕೆ ಎರಡು ಕಡೆ ಕೂರುವುದು ಹೇಗೆ ಸಾಧ್ಯ? ಅದು ಮೋಸವಲ್ಲವೇ? ಎರಡು ಗುಂಪು ಕೂಡಿಸಿ ಒಟ್ಟು ಎಷ್ಟು ಜನ ಎಂದು ಕೇಳಿದಾಗ ಮಾತ್ರ ಆ ಎಚ್ಚರಿಕೆ ಬೇಕು. ಈ ಗುಂಪಿನಲ್ಲಿ ಎಷ್ಟು, ಆ ಗುಂಪಿನಲ್ಲಿ ಎಷ್ಟು ಎಂದು ಬೇರೆ ಬೇರೆ ಕೇಳಿದರೆ ಎರಡಕ್ಕೂ ಸೇರಿದವನು ಎರಡು ಕಡೆಯೂ ಇರಲೇಬೇಕು. ಇಷ್ಟು ಸಣ್ಣ ವಿಷಯ ಇಪ್ಪತ್ತು ವರ್ಷ ಗಣಿತ ಕಲಿಸಿದವನಿಗೆ ಹೊಳೆಯಲಿಲ್ಲ. ಬೇರೆ ವಿಭಾಗದವರು ತುಂಬಿದ್ದರೆ ಬಹುಶಃ ಯೋಚನೆಯಿಲ್ಲದೆ 'ಎರಡೂ' ಎಂದು ಗುರುತು ಹಾಕಿ ಮುಗಿಸುತ್ತಿದ್ದರು.

ಇನ್ನೂ ಒಂದು ನೆನಪಾಯಿತು. ಅವತ್ತು ಅವಳು ಮೇಜಿನ ಆ ಕಡೆ ನಿಂತು, ಸರ್, ಮೂರನೇ ಚೌಕ ಯಾಕ ಅದ ರೀ ಮತ್ತ, ಎಂದು ಕೇಳಿದ್ದಳು. ಎಣಿಕೆಯ ಪಾಠ ಮರೆತೆಯಾ ಎಂದು ನಾನು ನಕ್ಕಿದ್ದೆ. ಅವಳೂ ನಕ್ಕು ಸುಮ್ಮನಾಗಿದ್ದಳು.

ನಾನು ಗುಮಾಸ್ತರ ಎದುರಿನ ಕುರ್ಚಿಯಲ್ಲಿ ಕೂತೆ. ತಪ್ಪು ನನ್ನದು ಎಂದೆ. ಅವರು ಗೆದ್ದೆನೆಂಬ ಮುಖ ಮಾಡಲಿಲ್ಲ. ಒಂದು ಬಿಳಿ ಹಾಳೆ ತಂದು ಮುಂದಿಟ್ಟು, ಬರೀರಿ ಸರ್, ಲಗೂ ಬರದ ಬಿಡ್ರಿ ಎಂದರು. ಮೂರು ಪುಟದ ಮನವಿಯನ್ನು ಹಿಂದಕ್ಕೆ ಪಡೆದು ನಾಲ್ಕು ಸಾಲು ಬರೆದೆ. ಗಣಿತ ವಿಭಾಗದ ಪರವಾಗಿ ನಾನು ತಪ್ಪಾಗಿ ಗುರುತು ಹಾಕಿದ್ದೇನೆ, ಈ ಎರಡು ಪತ್ರಿಕೆಗಳನ್ನು ಎರಡಕ್ಕೂ ಲೆಕ್ಕ ಹಿಡಿಯಬೇಕು, ಪರೀಕ್ಷಾ ವಿಭಾಗದ ಲೋಪ ಏನೂ ಇಲ್ಲ. ಅಷ್ಟೇ. ಬರೆಯಲು ಐದು ನಿಮಿಷವೂ ಬೇಕಾಗಲಿಲ್ಲ.

ಅದನ್ನು ಹಿಡಿದು ನಿಯಂತ್ರಕರ ಬಳಿ ಓಡಿದೆ. ಅವರು ಓದಿ, ಇದೇ ಕಾಗದ ನಿನ್ನೆ ಇದ್ದಿದ್ದರೆ ಹತ್ತು ನಿಮಿಷದ ಕೆಲಸ ಎಂದರು. ಈಗ ಸಮಿತಿ ಮುಂದಿನ ಗುರುವಾರವೇ. ಹೊರಗಿನ ಸದಸ್ಯರು ಬರಬೇಕು, ಅವರಿಲ್ಲದೆ ಒಬ್ಬರೇ ಫಲಿತಾಂಶ ತಿದ್ದಿದರೆ ನಾಳೆ ಯಾರು ಬೇಕಾದರೂ ಯಾರ ಅಂಕ ಬೇಕಾದರೂ ತಿದ್ದಿಯಾರು. ಅವರು ಹೇಳಿದ್ದು ಸರಿಯಾಗಿತ್ತು. ಆ ಸರಿಯಾದ ಮಾತಿಗೂ ನನಗೆ ಸಿಟ್ಟು ಬಂತು, ಆದರೆ ಬೈಯಲು ಯಾರೂ ಸಿಗಲಿಲ್ಲ. ತಿದ್ದುಪಡಿ ಪರಿಶೀಲನೆಯಲ್ಲಿದೆ, ತಿದ್ದಿದ ಮೇಲೆ ಬರಬೇಕಾದ ಸರಾಸರಿಗಳು ಇಂತಿಷ್ಟು ಎಂದು ಒಂದು ಪತ್ರ ಮಾತ್ರ ಕೊಟ್ಟರು.

ಬುಧವಾರ ನಾನು ರಜೆ ಹಾಕಿ ಅವಳ ಜೊತೆ ಕಲಬುರಗಿಗೆ ಹೋದೆ. ಪರಿಶೀಲನೆಯ ಮೇಜಿನವರು ಪತ್ರವನ್ನು ಎರಡು ಸಲ ಓದಿದರು. ಡಿಗ್ರಿ ಪೂರ್ಣವಾದ ಅಂಕಪಟ್ಟಿ ಇದ್ದರೆ ಕೊಡಿ, ಪತ್ರದ ಮೇಲೆ ಪ್ರವೇಶ ಕೊಡುವ ಅಧಿಕಾರ ನಮಗಿಲ್ಲ ಎಂದರು. ನಾನು ದನಿ ಏರಿಸಿದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಸಂಜೆ ಐದಕ್ಕೆ ಅವಳ ಸೀಟು ಕಾಯುವ ಪಟ್ಟಿಯ ಮೊದಲಿನವರಿಗೆ ಹೋಯಿತು. ಆಳಂದ ಕಡೆಯ ಒಬ್ಬ ಹುಡುಗನಿಗೆ. ಅವನ ಅಪ್ಪ ಖುಷಿಗೆ ನಮಗೂ ಪೇಢೆ ಕೊಟ್ಟರು. ಅವಳು ತೆಗೆದುಕೊಂಡು ತಿಂದಳು. ನಾನು ನನ್ನದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದೆ.

ಗುರುವಾರ ಸಮಿತಿ ಕೂತು ಹತ್ತು ನಿಮಿಷದಲ್ಲಿ ತಿದ್ದಿತು. ಶುಕ್ರವಾರ ಅಂಕಪಟ್ಟಿ ಸಿದ್ಧವಾಯಿತು. ಡಿಗ್ರಿ: ನೂರಾ ಇಪ್ಪತ್ತು ಕ್ರೆಡಿಟ್, ಒಂಬೈನೂರಾ ನಾಲ್ಕು ಅಂಕ, ಏಳು ಪಾಯಿಂಟ್ ಐದು ಮೂರು. ಮೈನರ್: ಇಪ್ಪತ್ತನಾಲ್ಕು ಕ್ರೆಡಿಟ್, ನೂರಾ ಐವತ್ತೆರಡು ಅಂಕ, ಆರು ಪಾಯಿಂಟ್ ಮೂರು ಮೂರು. ಅವಳು ಬಂದು, ಗುಮಾಸ್ತರ ಮೇಜಿನ ಮೇಲಿನ ಪೆನ್ಸಿಲ್ ಕೇಳಿ ತೆಗೆದುಕೊಂಡು, ಹಳೆಯ ಹಾಳೆಯ ಹಿಂದೆ ಎರಡೂ ಲೆಕ್ಕ ಮಾಡಿ ನೋಡಿದಳು. ಸರಿ ಬಂದವು. ರಿಜಿಸ್ಟರಿನಲ್ಲಿ ಸಹಿ ಮಾಡಿದಳು. ಒಂದು ವರ್ಷ ಚಂದಾಪುರದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳಿ, ಬರುವ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ ಎಂದಳು. ಮನೆಯಲ್ಲಿ ಬರುವ ವರ್ಷದವರೆಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದೂ ಸೇರಿಸಿದಳು. ಅದನ್ನು ಬಸ್ಸಿನ ಹೊತ್ತು ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದಳು.

ಕ್ಷಮಿಸು ಎಂದು ನೇರವಾಗಿ ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಕೈಲಾದಷ್ಟು ಎಲ್ಲರ ಜೊತೆ ಬಡಿದಾಡಿದೆ ತಾಯಿ, ಎಂದೆ.

"ಹೌದ್ರಿ ಸರ್, ನನ್ ಸಲುವಾಗಿ ಭಾಳ ಜಗಳ ಮಾಡೀರಿ" ಎಂದಳು. ಆಮೇಲೆ ತಲೆ ತಗ್ಗಿಸದೆ ನನ್ನನ್ನೇ ನೋಡುತ್ತ ಹೇಳಿದಳು: "ಮಂಗಳವಾರ ಜಗಳ ಬಿಟ್ಟು ಆ ಬಸ್ತಾ ಬಿಚ್ಚಿದ್ರ, ಗುರುವಾರ ಮುಗೀತಿತ್ರಿ."

ಗುಮಾಸ್ತರು ತಲೆ ತಗ್ಗಿಸಿ ರಿಜಿಸ್ಟರ್ ಮುಚ್ಚಿದರು. ಅವಳು ಅಂಕಪಟ್ಟಿಯನ್ನು ಮಡಚದೆ ಫೈಲಿನಲ್ಲಿ ಇಟ್ಟುಕೊಂಡು, ನನಗೆ ನಮಸ್ಕಾರ ಮಾಡಿ, ಬಸ್ಸಿಗೆ ಹೋದಳು.